ಧರಣೇಂದ್ರನ ಇಪ್ಪತ್ತೊಂದು ದಿನ

ಸಂಕೇಶ್ವರದ ಲಗ್ನಪತ್ರಿಕೆಗಳಲ್ಲಿ ತಪ್ಪಿಲ್ಲದಿರುವುದಕ್ಕೆ ತಾನೇ ಕಾರಣ ಎಂದು ಧರಣೇಂದ್ರ ನಂಬಿದ್ದ. ಅವನು ಅಲ್ಲಿನ ಪ್ರೆಸ್ಸೊಂದರ ಕರಡು ತಿದ್ದುವವನು. ಮಷಿನ್ನಿನ ಗದ್ದಲದಲ್ಲಿ ಓದಲಾಗದೆಂದು ಹಿಂದಿನ ಮಾಲಕರು ಈ ಕೆಲಸದವರನ್ನೆಲ್ಲ ಮನೆಯಲ್ಲೇ ಕೂತು ತಿದ್ದಲು ಬಿಟ್ಟಿದ್ದರು. ಇವನದೂ ಹದಿಮೂರು ವರ್ಷ ಹಾಗೇ ನಡೆದಿತ್ತು. ಮಂಡಿ ನೋವಿನ ತಾಯಿ ಕಮಲವ್ವನ ಎದುರು ಕೂತು, ಇಡೀ ಓಣಿಗೆ ಕೇಳುವಂತೆ ಕರಡು ಓದುತ್ತಿದ್ದ.

ತೊಂಬತ್ತೆಂಟರಲ್ಲಿ ಮಾಲಕರ ಮಗ ಅಭಿನಂದನ ಪ್ರೆಸ್ಸಿಗೆ ಕಂಪ್ಯೂಟರ್ ತಂದ.

“ಕಾಕಾ, ನಾಳಿಂದ ಇಲ್ಲೇ ಬಂದು ಕೂಡ್ರಿ. ತಪ್ಪು ತೋರಿಸಿದ ಕೂಡಲೇ ತಿದ್ದೂಣು.”

ತಾನಿಲ್ಲದೆ ಅವ್ವ ಒಬ್ಬಳೇ ಹೇಗಿರುತ್ತಾಳೆ? ಧರಣೇಂದ್ರ ಮರುದಿನವೇ ಬಸ್ಸು ಹತ್ತಿ ಗೋಕಾಕದ ಕಾರ್ಮಿಕ ನಿರೀಕ್ಷಕರ ಮುಂದೆ ನಿಂತ.

“ನೇಮಕಾತಿ ಪತ್ರದಾಗ ಮನ್ಯಾಗ ಕುಂತ ಕೆಲಸಾ ಮಾಡೂದು ಅಂತ ಬರದೈತೇನ್ರಿ?” ಎಂದರು ಅವರು.

“ಪತ್ರನ ಇಲ್ರಿ, ಬಾಯಿಮಾತು.”

“ಹಂಗಾದ್ರ ಮನ್ಯಾಗ ಕುಂತ ಮಾಡ್ತೇನಿ ಅಂತ ಹಟಾ ಹಿಡಿಯೂ ಹಕ್ಕ ಕಾಯ್ದೆದಾಗ ಇಲ್ರಿ. ಆದ್ರ ರೂಢಿಯಿಂದ ಬಂದ ಸವಲತ್ತು ತಗಿಯೂದಿದ್ರ, ಮಾಲಕರು ಇಪ್ಪತ್ತೊಂದು ದಿನಾ ಮೊದಲ ನೋಟಿಸ ಬರದು ಕೊಡಬೇಕು. ‘ನಾಳಿಂದ’ ಅನ್ನಾಕ ಬರೂದಿಲ್ಲ. ಒಪ್ಪಿಗಿ ಇಲ್ಲಂದ್ರ ನೀವು ನಮ್ಮ ಇಲಾಖೆದ ಮುಂದ ವಾದಾ ಎಬ್ಬಿಸಬಹುದು.”

ಗೆದ್ದವನಂತೆ ಬಂದು ಇದನ್ನು ಹೇಳಿದಾಗ ಅಭಿನಂದನ ತಲೆ ಕೆರೆದುಕೊಂಡು ನೋಟಿಸು ಬರೆದ. ಅದರಲ್ಲಿ ಏಳು ತಪ್ಪು. ಧರಣೇಂದ್ರ ಕೆಂಪು ಶಾಯಿಯಲ್ಲಿ ಎಲ್ಲವನ್ನೂ ತಿದ್ದಿ, ಆಮೇಲೆ ‘ನೋಟಿಸು ಮುಟ್ಟಿದೆ’ ಎಂದು ಸಹಿ ಮಾಡಿದ.

ಆ ಇಪ್ಪತ್ತೊಂದು ದಿನವೂ ತಾಯಿಯದೇ ತಯಾರಿ. ಕೈಗೆಟಕುವಲ್ಲಿ ನೀರಿನ ತಂಬಿಗೆ, ಗೋಡೆಗೆ ಕೋಲು, ಪಕ್ಕದ ಮನೆಯ ಉದ್ದವ್ವನಿಗೆ ತಾಸಿಗೊಮ್ಮೆ ಇಣುಕಬೇಕೆಂಬ ಅಪ್ಪಣೆ. ಕಮಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಪ, ದುಃಖ ನುಂಗುತ್ತಾಳೆ ಎಂದುಕೊಂಡು ಮಗ ಕಣ್ಣೊರೆಸಿಕೊಂಡ.

ಇಪ್ಪತ್ತೆರಡನೆಯ ದಿನ ಪ್ರೆಸ್ಸಿಗೆ ಹೋದವನಿಗೆ ಅಕ್ಷರ ತಲೆಗೆ ಹತ್ತಲಿಲ್ಲ. ಮಧ್ಯಾಹ್ನ ಊಟದ ಬಿಡುವಿಗೆ ಮನೆಗೆ ಓಡಿದ. ಒಳಗಿಂದ ಕೇಕೆ ಕೇಳಿಸಿತು. ಉದ್ದವ್ವ, ಇನ್ನೂ ನಾಲ್ಕು ಹೆಂಗಸರು ಗುಂಪಾಗಿ ಕೂತಿದ್ದರು. ನಡುವೆ ಕಮಲವ್ವ ಯಾರದೋ ಅತ್ತೆಯ ನಡಿಗೆಯನ್ನು ಕೂತಲ್ಲೇ ಮಾಡಿ ತೋರಿಸುತ್ತಿದ್ದಳು. ಇವನನ್ನು ಕಂಡದ್ದೇ ಎಲ್ಲರೂ ಗಪ್ಪಾದರು.

“ಅವ್ವಾ, ಕಾಳಜಿ ಮಾಡಬ್ಯಾಡ. ನಾ ವಾದಾ ಎಬ್ಬಸ್ತೇನಿ. ಮತ್ತ ಮನ್ಯಾಗ ಕೂಡ್ತೇನಿ,” ಎಂದ.

ಕಮಲವ್ವ ಗಾಬರಿಯಾದಳು.

“ಬ್ಯಾಡೋ ಮಾರಾಯಾ! ಹದಿಮೂರು ವರ್ಷ ಮಂದಿ ಲಗ್ನಪತ್ರಿಕಿ ಕೇಳಿ ಕೇಳಿ ಕಿವಿ ತೂತ ಬಿದ್ದಾವು. ಯಾರರ ಮಾತಾಡಸಾಕ ಬಂದ್ರ ‘ಶ್! ಕರಡು’ ಅಂತಿದ್ದಿ. ಹೋಗಪಾ, ನಿನ್ನ ಕೆಲಸಾ ನೋಡ್ಹೋಗು.”

ಧರಣೇಂದ್ರನಿಗೆ ಒಮ್ಮೆಲೇ ಅಳುವೂ ಬಂತು, ನಾಚಿಕೆಯೂ ಆಯಿತು. ಹದಿಮೂರು ವರ್ಷ ಅವ್ವನನ್ನು ನೋಡಿಕೊಂಡೆನೆಂದು ತಿಳಿದಿದ್ದ. ರೊಟ್ಟಿಯನ್ನೂ ಮುಟ್ಟದೆ ಚಪ್ಪಲಿ ಮೆಟ್ಟಿದ. ಅವನು ಓಣಿಯ ತಿರುವು ದಾಟುವ ಮುಂಚೆಯೇ ಒಳಗೆ ನಗು ಮತ್ತೆ ಶುರುವಾಗಿತ್ತು.