ನನ್ನ ಬೋರ್ಡು ಪಟ್ಟಿಯಲ್ಲಿರಲಿಲ್ಲ

ನಮ್ಮದು ಮಗ್ಗದ ಮನೆ. ಮುಂದಿನ ಕೋಣೆಯಲ್ಲಿ ಪವರ್‌ಲೂಮುಗಳು, ಹಿಂದೆ ನಾವು. ಆ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಊಟಕ್ಕೆ ಕರೆಯುವುದೂ ಕಿರುಚಿಯೇ, ಇನ್ನು ಸಿಟ್ಟಿನ ವಿಷಯ ಕೇಳಲೇಬೇಡಿ. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಡೆಸುವವನು ಅಣ್ಣ, ಮನೆ ನಡೆಸುವವನು ಅಣ್ಣ, ಕೈ ನಡೆಸುವವನೂ ಅಣ್ಣನೇ.

ಅಪ್ಪ ಇಲ್ಲವಾದ ವರ್ಷವೇ ನನ್ನ ಪಿಯುಸಿ ಅರ್ಧಕ್ಕೆ ನಿಂತಿತು. ಕಂಡಿಕೆ ಸುತ್ತಲು ಆಳು ಸಿಗುತ್ತಿಲ್ಲವೆಂದು ಅಣ್ಣ ಕಾಲೇಜು ಬಿಡಿಸಿ ಕೂರಿಸಿದ. ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಅದನ್ನು ಸುತ್ತುತ್ತಲೇ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಓದಿದೆ. ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ಬೋರ್ಡಿಗೆ ಸೇರಿ ಹನ್ನೆರಡನೆಯ ತರಗತಿ ಪಾಸು ಮಾಡಿದೆ. ಕಾಲೇಜಿಗೆ ಹೋಗಿ ಪಾಸಾದವರಿಗಿಂತ ನನ್ನ ಅಂಕವೇನೂ ಕಡಿಮೆಯಿರಲಿಲ್ಲ, ಹೇಳಿಬಿಡುತ್ತೇನೆ.

ನನಗೆ ನರ್ಸಿಂಗ್ ಓದಬೇಕಿತ್ತು. ಹನ್ನೆರಡನೆಯದು ಯಾವ ಮಾನ್ಯ ಬೋರ್ಡಿನಿಂದ ಪಾಸಾಗಿದ್ದರೂ ನಡೆಯುತ್ತದೆಂದು ಪ್ರಕಟಣೆಯಲ್ಲೇ ಬರೆದಿತ್ತು. ಅಣ್ಣ ಒಪ್ಪಿದ. ಅವನಿಗೇನೂ ನನ್ನ ಓದಿನ ಮೇಲೆ ಪ್ರೀತಿ ಉಕ್ಕಿರಲಿಲ್ಲ. ನನಗೊಂದು ಸಂಬಂಧ ಬಂದಿತ್ತು, ಅವರದು ಸೀರೆ ವ್ಯಾಪಾರದ ಮನೆ. ಹುಡುಗಿ ನರ್ಸಾಗುತ್ತಾಳೆ ಎಂದರೆ ಅವರಿಗೆ ಖುಷಿ. ಆದರೆ ಅಣ್ಣ ಅವರ ಹತ್ತಿರ, 'ನಮ್ಮುಡುಗಿ ಇಲ್ಲೇ ಗೌರ್ಮೆಂಟ್ ಕಾಲೇಜಲ್ಲಿ ಪಿಯುಸಿ ಮುಗಿಸಿದಾಳೆ' ಎಂದುಬಿಟ್ಟಿದ್ದ. ತಂಗಿಯನ್ನು ಓದು ಬಿಡಿಸಿ ಕಂಡಿಕೆಗೆ ಕೂರಿಸಿದ್ದು ಗೊತ್ತಾದರೆ ಅವನ ಮರ್ಯಾದೆ ಹೋಗುತ್ತಿತ್ತಲ್ಲ!

ಇಷ್ಟೇ ಆಗಿದ್ದರೆ ಎಲ್ಲಾದರೂ ಹೋಗಿ ಅರ್ಜಿ ಹಾಕಿ ಬರಬಹುದಿತ್ತು. ಆದರೆ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಬೀಗರಾಗುವವರ ಅಂಗಡಿ ಊರಲ್ಲಿರುವಾಗ ಬೇರೆಯವರ ಅಂಗಡಿ ಮೆಟ್ಟಿಲು ಹತ್ತುವಂತಿಲ್ಲ, ಹತ್ತಿದರೆ ಅದೊಂದು ಮುನಿಸು. ಹುಡುಗನ ಸೋದರಮಾವ ಬಸ್ ನಿಲ್ದಾಣದ ಹತ್ತಿರ ಸೈಬರ್ ಸೆಂಟರ್ ಇಟ್ಟಿದ್ದರು. ಹಾಗಾಗಿ ನನ್ನ ಓದಿನ ಗುಟ್ಟು ಯಾರಿಗೆ ಗೊತ್ತಾಗಬಾರದೋ ಅವರೆದುರೇ ಅರ್ಜಿ ತುಂಬಬೇಕಾಯಿತು.

ಹೊರಡುವ ಮುಂಚೆ ಅಣ್ಣ ಬಾಗಿಲಲ್ಲಿ ನಿಲ್ಲಿಸಿ ಹೇಳಿದ, "ಬೋರ್ಡು ಕೇಳ್ತಾರೆ. ಕರ್ನಾಟಕದ್ದು ಅಂತ ಹೇಳು. ಬಾಯಿ ಬಿಟ್ಟೆ ಅಂದ್ರೆ ಹಲ್ಲು ಉದುರುತ್ತೆ."

"ಅಣ್ಣ, ಪರಿಶೀಲನೆ ದಿನ ಅಸಲಿ ಅಂಕಪಟ್ಟಿ ತೋರಿಸ್ಬೇಕು. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?"

"ಆಮೇಲಿಂದು ಆಮೇಲೆ. ಮೊದ್ಲು ಮದ್ವೆ ಆಗ್ಲಿ."

ಅಂಗಡಿಯಲ್ಲಿ ಆ ಮಾವ ನಗುತ್ತಾ ಕೂರಿಸಿದರು, ಕಾಫಿ ತರಿಸಿದರು. ಹೆಸರು, ವಿಳಾಸ, ಹತ್ತನೆಯ ತರಗತಿ ಎಲ್ಲ ಸಲೀಸಾಗಿ ಮುಗಿಯಿತು. ಫೋಟೊ, ಸಹಿ ಬಿಟ್ಟರೆ ಅರ್ಜಿಗೆ ಏನನ್ನೂ ಲಗತ್ತಿಸಬೇಕಿರಲಿಲ್ಲ. ಅಂಕಗಳನ್ನು ನಾವೇ ಟೈಪ್ ಮಾಡಬೇಕು, ಅಸಲಿಯನ್ನು ಪರಿಶೀಲನೆಯಲ್ಲಿ ತಾಳೆ ನೋಡುತ್ತಾರೆ. ಆಮೇಲೆ ಹನ್ನೆರಡನೆಯ ತರಗತಿಯ ಬೋರ್ಡಿನ ಜಾಗ ಬಂತು. ಮಾವ ಒತ್ತಿದರು, ಪಟ್ಟಿ ಕೆಳಗೆ ಬಿಚ್ಚಿಕೊಂಡಿತು. ಕರ್ನಾಟಕದ್ದು ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಕೇಂದ್ರದ ಬೋರ್ಡುಗಳು, ಆಂಧ್ರ, ತಮಿಳುನಾಡು, ಇನ್ನೂ ಯಾವ್ಯಾವುದೋ. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನ್ನದು ಇರಲಿಲ್ಲ. ತೀರಾ ಕೊನೆಯಲ್ಲಿ 'ಅದರ್ಸ್' ಎಂದಿತ್ತು.

"ಕರ್ನಾಟಕ ಅಲ್ವೇನಮ್ಮಾ?" ಎಂದು ಮಾವ ಮೌಸನ್ನು ಅಲ್ಲಿಗೆ ಒಯ್ದರು.

"ಹೂಂ ಮಾವ, ಅದೇ," ಎಂದ ಅಣ್ಣ. ಮೇಜಿನ ಕೆಳಗೆ ನನ್ನ ಕಾಲನ್ನು ಚಪ್ಪಲಿಯಿಂದ ತುಳಿದ.

ಪರದೆಯ ಕೆಳಗಡೆ ಕೆಂಪಕ್ಷರದಲ್ಲಿ ಒಂದು ಸೂಚನೆಯಿತ್ತು. ಅರ್ಜಿ ಸಲ್ಲಿಸಿದ ಮೇಲೆ ವಿದ್ಯಾರ್ಹತೆಯ ವಿವರ ಬದಲಿಸಲು ಅವಕಾಶವಿಲ್ಲ, ಅಸಲಿ ದಾಖಲೆಗೆ ಹೊಂದದಿದ್ದರೆ ಅರ್ಜಿ ತಿರಸ್ಕೃತ. ಅದನ್ನು ಎರಡೆರಡು ಸಲ ಓದಿದೆ. ಕಂಡಿಕೆ ಸುತ್ತಿ ಸುತ್ತಿ ಬೆರಳು ಬಿರಿದದ್ದು ಇವನಿಗಾಗಿ, ಓದಿದ್ದಾದರೂ ನನಗಾಗಿ ಇರಬಾರದೇ?

"ಅದಲ್ಲ ಮಾವ. ನಂದು ಮುಕ್ತ ಶಾಲೆ ಬೋರ್ಡು. ಪಟ್ಟೀಲಿಲ್ಲ. ಕೊನೇಲಿರೋ ಅದರ್ಸ್ ಒತ್ತಿ. ಕೆಳಗಡೆ ಖಾಲಿ ಜಾಗ ಬರುತ್ತೆ, ಹೆಸರು ಅಲ್ಲಿ ಬರೀಬೇಕು."

ಮಾವನ ಕೈ ನಿಂತಿತು. ಅವರು ನನ್ನನ್ನು ನೋಡಿದರು, ಆಮೇಲೆ ಅಣ್ಣನನ್ನು. ಅವರು ಒಂದು ಮಾತೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಅಣ್ಣ ತಾನೇ ಕೂಗಿದ, "ಸುಳ್ಳು ಹೇಳ್ತಾಳೆ ಮಾವ! ತಲೆ ಕೆಟ್ಟಿದೆ ಇವಳಿಗೆ!"

ಮೊದಲ ಏಟು ಕೆನ್ನೆಗೆ ಬಿತ್ತು. ಎರಡನೆಯದು ಬಾಯಿಗೆ. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು, ರಕ್ತದ ಉಪ್ಪು ನಾಲಗೆಗೆ ಹತ್ತಿತು. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಮಗುಚಿ ನಾನೂ ಅದರ ಜೊತೆ ಬಿದ್ದೆ. ಜೆರಾಕ್ಸ್ ಮಾಡಿಸಲು ಬಂದಿದ್ದವರು ಗೋಡೆಗೆ ಸರಿದು ನಿಂತರು. ಒಬ್ಬರಾದರೂ ಬಿಡಪ್ಪಾ ಎನ್ನಲಿಲ್ಲ. ಅಣ್ಣ ಜಡೆ ಹಿಡಿದು ಎಬ್ಬಿಸಿದ. ನನಗೂ ಅದೇ ಮನೆಯ ರಕ್ತ ತಾನೇ? ಜಡೆ ಹಿಡಿದ ಕೈಯ ಮಣಿಕಟ್ಟನ್ನು ಬಾಯಿಗೆ ಎಳೆದುಕೊಂಡು ಕಚ್ಚಿದೆ, ಅವನು ಅಮ್ಮಾ ಎನ್ನುವವರೆಗೂ ಬಿಡಲಿಲ್ಲ. ಅವನು ಕೈ ಒದರಿದ ರಭಸಕ್ಕೆ ಕಾಫಿ ಲೋಟ ಹಾರಿ ಗೋಡೆಗೆ ಬಡಿಯಿತು.

ಅಣ್ಣ ಮಣಿಕಟ್ಟು ಹಿಡಿದು ಬಗ್ಗಿದ್ದ ಆ ಗದ್ದಲದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಮೇಜಿಗೆ ಒರಗಿ ನಿಂತು ಮೌಸು ಹಿಡಿದೆ. ಪಟ್ಟಿ ಇನ್ನೂ ತೆರೆದೇ ಇತ್ತು. ಅದರ್ಸ್ ಒತ್ತಿದೆ, ಖಾಲಿ ಜಾಗ ಬಂತು. ನನ್ನ ಬೋರ್ಡಿನ ಹೆಸರನ್ನು ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಗರಿಷ್ಠ ಅಂಕ, ಪಡೆದ ಅಂಕ, ಪಾಸಾದ ವರ್ಷ. ಕೀಬೋರ್ಡಿನ ಮೇಲೆ ತುಟಿಯ ರಕ್ತ ತೊಟ್ಟಿಕ್ಕುತ್ತಿತ್ತು, ಸೆರಗಿನಲ್ಲಿ ಒರೆಸಿ ಒರೆಸಿ ಒತ್ತಿದೆ. ಅಣ್ಣ ಇನ್ನೊಮ್ಮೆ ಕೈ ಎತ್ತಿದಾಗ ಮಾವ ಕೊನೆಗೂ ಎದ್ದು ಅವನನ್ನು ಹಿಡಿದರು. ನಾನು ಅರ್ಜಿ ಸಲ್ಲಿಸಿದೆ.

ಸಂಬಂಧ ಮುರಿಯಿತು ಎಂದುಕೊಂಡೆ. ಮಾವ ಅಣ್ಣನ ಬೆನ್ನು ಸವರುತ್ತಾ ಹೇಳಿದ್ದೇನು ಗೊತ್ತೇ?

"ಬೋರ್ಡು ಯಾವ್ದಾದ್ರೇನಪ್ಪಾ, ಪಾಸಾಗಿದಾಳಲ್ಲ. ಹೆಣ್ಮಕ್ಳನ್ನ ಹದ್ದುಬಸ್ತಲ್ಲಿ ಇಟ್ಟಿರೋ ಮನೆ ನಿಮ್ದು. ನಮ್ಗೆ ಬೇಕಾಗಿರೋದೂ ಅದೇ. ಸ್ವಲ್ಪ ಬಾಯಿ ಜಾಸ್ತಿ, ನಮ್ಮನೆಗೆ ಬಂದ್ಮೇಲೆ ಸರಿ ಹೋಗ್ತಾಳೆ ಬಿಡು."

ಥೂ! ಏಟಿಗೆ ಬಾರದ ಕಣ್ಣೀರು ಆ ಮಾತಿಗೆ ಬಂತು. ಅಣ್ಣ ಹಲ್ಲು ಕಿರಿದು ನಿಂತಿದ್ದ, ಮಣಿಕಟ್ಟಿನ ಗಾಯ ಒತ್ತಿಕೊಂಡು. "ನಾನು ಆ ಮನೆಗೆ ಬರಲ್ಲ ಮಾವ. ನಿಮ್ಮ ಹುಡುಗನಿಗೆ ಹೇಳ್ಬಿಡಿ," ಎಂದು ಪ್ರಿಂಟು ಎಳೆದುಕೊಂಡು ಬೀದಿಗಿಳಿದೆ.

ಮನೆಯಲ್ಲಿ ಮತ್ತೆ ಏಟು ಬಿದ್ದವು. ಅಣ್ಣ ಬೆಲ್ಟು ತೆಗೆದ. ಮಗ್ಗಗಳು ಓಡುತ್ತಿದ್ದವು, ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿರಲಿಕ್ಕಿಲ್ಲ. ಅಮ್ಮ ಆಮೇಲೆ ಬಾಸುಂಡೆಗೆ ಅರಿಶಿನ ಹಚ್ಚುತ್ತಾ, "ಅಣ್ಣ ಅಂದ್ಮೇಲೆ ಹೊಡೀದೆ ಇರ್ತಾನೇನೆ? ನಿನ್ನ ಒಳ್ಳೇದಕ್ಕೆ ಅಲ್ವಾ?" ಎಂದಳು. ನಾನು ಅವಳ ಕೈ ತಳ್ಳಿದೆ. ಒಳ್ಳೆಯದಂತೆ, ಒಳ್ಳೆಯದು!

ಹುಡುಗನ ಕಡೆಯವರಿಗೆ ನರ್ಸ್ ಸೊಸೆ ಇನ್ನೂ ಬೇಕೇ ಇತ್ತು, ಹಾಗಾಗಿ ಅಣ್ಣ ಪರಿಶೀಲನೆಗೆ ಅಡ್ಡ ಬರಲಿಲ್ಲ. ಅದು ಬೆಂಗಳೂರಿನಲ್ಲಿತ್ತು. ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸಬಾರದೆಂದು ಅಮ್ಮ ಹಟ ಹಿಡಿದು ಅಣ್ಣನನ್ನೇ ಜೊತೆ ಮಾಡಿದಳು. ಬಸ್ಸಿನಲ್ಲಿ ಪಕ್ಕಪಕ್ಕವೇ ಕೂತೆವು. ಅವನ ಮಣಿಕಟ್ಟಿನಲ್ಲಿ ನನ್ನ ಹಲ್ಲಿನ ಗುರುತು ಕಪ್ಪಾಗಿತ್ತು, ಆಗಾಗ ಅಂಗಿಯ ತೋಳು ಎಳೆದು ಮುಚ್ಚಿಕೊಳ್ಳುತ್ತಿದ್ದ.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹುಡುಗಿಯಿದ್ದಳು, ಸೂಲಿಬೆಲೆ ಕಡೆಯವಳು, ಜೊತೆಗೆ ಅವಳ ಅಪ್ಪ. ಅವಳದೂ ನನ್ನದೇ ಬೋರ್ಡು. ಮೇಜಿನ ಹಿಂದಿದ್ದ ಮೇಡಂ ಅವಳ ಅರ್ಜಿ, ಅಂಕಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದರು.

"ಅರ್ಜೀಲಿ ಕರ್ನಾಟಕ ಬೋರ್ಡು ಅಂತ ಹಾಕಿದೀರ. ಅಂಕಪಟ್ಟಿ ಬೇರೆ ಬೋರ್ಡಿಂದು."

"ನಮ್ದು ಪಟ್ಟೀಲಿ ಇರ್ಲಿಲ್ಲ ಮೇಡಂ. ಅಪ್ಪ ಮೊದ್ಲನೇದೇ ಒತ್ತು ಅಂದ್ರು," ಎಂದಳು ಹುಡುಗಿ.

"ಪಟ್ಟೀಲಿ ಇಲ್ದೆ ಇರೋರಿಗೆ ಅಂತಾನೇ ಕೊನೇಲಿ ಅದರ್ಸ್ ಇತ್ತಲ್ಲಮ್ಮಾ. ಈಗ ನಾನು ತಿದ್ದೋಕಾಗಲ್ಲ. ಇದು ತಿರಸ್ಕೃತ."

ಅವರು ಕೆಂಪು ಪೆನ್ನಿನಲ್ಲಿ ಬರೆದು ಮುಗಿಸುವ ಮುಂಚೆಯೇ ಆ ಮನುಷ್ಯ ಮಗಳ ಕೆನ್ನೆಗೆ ಬಾರಿಸಿದ. "ಓದಿದ ಮುಂಡೇದು, ನಿಂಗೆ ಗೊತ್ತಾಗ್ಬೇಡ್ವಾ? ನಾನು ಹೇಳಿದ್ರೆ ನೀನು ಒತ್ತಿಬಿಡೋದಾ?" ಹುಡುಗಿ ಕೆನ್ನೆ ಹಿಡಿದುಕೊಳ್ಳಲೂ ಇಲ್ಲ, ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಅವನು ಮತ್ತೆ ಕೈ ಎತ್ತಿದ.

ಆ ಕೈಯನ್ನು ಗಾಳಿಯಲ್ಲೇ ಹಿಡಿದವನು ನನ್ನ ಅಣ್ಣ.

"ಬಿಡಿ ಯಜಮಾನ್ರೇ," ಎಂದ ಅವನು, ನಮ್ಮ ಮನೆಯಲ್ಲಿ ನಾನು ಎಂದೂ ಕೇಳಿರದ ಮೆತ್ತಗಿನ ದನಿಯಲ್ಲಿ. "ಹೊಡೀಬೇಡಿ. ಪಾಪ, ಮಗು ತಪ್ಪೇನಿದೆ ಇದ್ರಲ್ಲಿ?"

ಸುತ್ತಲಿದ್ದವರು ಅಣ್ಣನನ್ನು ಮೆಚ್ಚುಗೆಯಿಂದ ನೋಡಿದರು. ಆ ಹುಡುಗಿಯೂ ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡು. ಅವಳ ಅಪ್ಪ ತಲೆ ತಗ್ಗಿಸಿ ಅವಳನ್ನು ಹೊರಗೆ ಕರೆದೊಯ್ದ. ಮೇಡಂ ನನ್ನ ಕಾಗದ ತೆಗೆದುಕೊಂಡು ಬೋರ್ಡಿನ ಹೆಸರನ್ನು ಓದಿದರು, ಅಂಕಪಟ್ಟಿ ನೋಡಿದರು, ಅಂಕ ತಾಳೆ ಹಾಕಿದರು. "ಸರಿ ಇದೆಯಮ್ಮಾ," ಎಂದು ಮೊಹರು ಒತ್ತಿದರು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಮೆತ್ತಗಿನ ಮಾತು ಇವನ ಬಾಯಲ್ಲಿ ಇಷ್ಟು ದಿನವೂ ಇತ್ತೇ? ಇದ್ದೂ ನನಗೆ ಬೆಲ್ಟು ಕೊಟ್ಟನೇ? ಮೈಯ ಬಾಸುಂಡೆಗಳೆಲ್ಲ ಒಟ್ಟಿಗೇ ಉರಿದಂತಾಯಿತು.

ಅಣ್ಣ, "ಆಯ್ತಲ್ಲ, ನಡಿ," ಎಂದು ನನ್ನ ಚೀಲಕ್ಕೆ ಕೈ ಚಾಚಿದ. ನಾನು ಅಷ್ಟೂ ಜನರ ಮುಂದೆ ಅವನ ಕೆನ್ನೆಗೆ ಹೊಡೆದೆ. ಶಕ್ತಿಯಿದ್ದಷ್ಟೂ ಹೊಡೆದೆ.

ಅವನು ಕೈ ಎತ್ತಲಿಲ್ಲ. ಯಾಕೆಂದು ಕೇಳಲೂ ಇಲ್ಲ. ಕೆನ್ನೆ ಸವರಿಕೊಂಡು ಹಾಗೇ ನಿಂತಿದ್ದ.