ಒಂಬತ್ತು ಸಾವಿರದ ಅರ್ಜಿ

ಬಸರೀಕಟ್ಟೆಯ ಪ್ರೇಮಕ್ಕನಿಗೆ ಕತ್ತಿ ಹಿಡಿದು ಗೊತ್ತು, ಕಾಫಿ ಕೊಯ್ದು ಗೊತ್ತು, ಹೆಂಗಸರ ಸಂಘದ ಪುಸ್ತಕ ಬರೆದೂ ಗೊತ್ತು. ಐವತ್ತೆರಡು ವರ್ಷಕ್ಕೆ ಮೊಣಕಾಲು ಕಿರಿಕಿರಿ ಮಾಡುತ್ತಿದ್ದರೂ ಬೆಳಿಗ್ಗೆ ಎಸ್ಟೇಟಿನ ಜೀಪು ಹತ್ತುವುದರಲ್ಲಿ ಅವಳೇ ಮೊದಲು. ಸಂಘದ ಸಾಲಕ್ಕೆಂದು ಮಾಡಿಸಿದ ಪ್ಯಾನ್ ಕಾರ್ಡೊಂದು ಅವಳ ಹತ್ತಿರ ಇತ್ತು. ಜೊತೆಗೆ ದುಡಿಯುವ ಉಳಿದ ಒಂಬತ್ತು ಹೆಂಗಸರಲ್ಲಿ ಯಾರಿಗೂ ಅದಿರಲಿಲ್ಲ. ಅವಳ ಗ್ರಹಚಾರ ಶುರುವಾಗಿದ್ದೇ ಅಲ್ಲಿಂದ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಕ್ಷ್ಮೀಶ ಒಂದು ದಿನ ಹಾಜರಿ ಪುಸ್ತಕ ಮಡಚಿಟ್ಟು ಹೇಳಿದ್ದ: "ಪ್ರೇಮಕ್ಕ, ಇನ್ನು ಮೇಲೆ ಹತ್ತು ಜನರ ಬಿಲ್ಲೂ ನಿನ್ನ ಹೆಸರಲ್ಲೇ ಆಗ್ಲಿ. ದುಡ್ಡು ನಿನ್ನ ಖಾತೆಗೆ ಬರ್ತದೆ, ನೀನು ಹಂಚು. ನೂರಕ್ಕೆ ಒಂದು ರೂಪಾಯಿ ಟ್ಯಾಕ್ಸ್ ಹಿಡೀತಾರೆ, ರಿಟರ್ನ್ ಹಾಕಿದ್ರೆ ವಾಪಸ್ ಬರ್ತದೆ." ಆ ಕಡೆ ಒಬ್ಬರ ಹೆಸರಲ್ಲಿ ಬಿಲ್ಲು ಮಾಡಿಸಿ ಹಂಚಿಕೊಳ್ಳುವುದು ಹೊಸತೇನಲ್ಲ. ಜೀಪಿನವರು ಮಾಡುತ್ತಾರೆ, ಮರದ ಕೊಂಬೆ ಸವರಿ ಕಪಾತು ಮಾಡುವವರು ಮಾಡುತ್ತಾರೆ. ಪ್ರೇಮಕ್ಕ ಹೂಂ ಅಂದಳು.

ವರ್ಷಕ್ಕೆ ಹತ್ತು ಲಕ್ಷ ಬಂತು, ಹತ್ತು ಸಾವಿರ ತೆರಿಗೆ ಕಡಿದರು. ಪ್ರತಿ ವಾರ ಯಾರಿಗೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಂಡೇ ಅವಳು ಹಂಚಿದ್ದಳು. ರಿಟರ್ನ್ ಹಾಕಲು ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದ ಕಾಂತೇಶನ ಬಳಿ ಹೋದಾಗ, "ಆದಾಯ ಎಷ್ಟು ಬರೀಲಿ?" ಎಂದು ಅವನು ಕೇಳಿದ. "ನನ್ನದು ಒಂದು ಲಕ್ಷ. ಬೇರೆಯವರ ಬೆವರನ್ನ ನನ್ನದು ಅಂತ ಬರೆಸಲಿಕ್ಕೆ ನನಗೆಂತ ಬುದ್ಧಿ ಕೆಟ್ಟಿದ್ಯಾ?" ಅಂದಳು ಇವಳು. ಅವನು ಆದಾಯ ಒಂದು ಲಕ್ಷವೆಂದು ಒತ್ತಿದ, ತೆರಿಗೆ ಮಾತ್ರ ಪೂರಾ ಹತ್ತು ಸಾವಿರ ವಾಪಸ್ ಕೇಳಿದ. ಕೈಯಲ್ಲಿ ಮುನ್ನೂರು ರೂಪಾಯಿ ಬಿದ್ದ ಮೇಲೆ ಯೋಚನೆ ಮಾಡುವ ಪೈಕಿ ಅವನಲ್ಲ.

ಇಲಾಖೆಯ ಕಂಪ್ಯೂಟರ್ ಸುಮ್ಮನಿರುತ್ತದೆಯೇ? ಜಮೆಯಾದ ತೆರಿಗೆ ಹತ್ತು ಲಕ್ಷದ್ದು, ತೋರಿಸಿದ ಆದಾಯ ಒಂದು ಲಕ್ಷದ್ದು, ಆದ್ದರಿಂದ ಹತ್ತರಲ್ಲಿ ಒಂದು ಪಾಲು ಮಾತ್ರ ಎಂದು ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಂಡಿತು. ಆ ತಿಳಿವಳಿಕೆ ಪತ್ರ ಹೋಗಿದ್ದು ಕಾಂತೇಶನ ಇ-ಮೇಲಿಗೆ. ಗಿರಾಕಿಗಳೆಲ್ಲರಿಗೂ ತನ್ನದೇ ಇ-ಮೇಲ್ ಕೊಡುವ ಆ ಪುಣ್ಯಾತ್ಮ ಅದನ್ನು ತೆರೆದು ನೋಡಿದ್ದು ಫೆಬ್ರವರಿಯಲ್ಲಿ. ಪರಿಷ್ಕೃತ ರಿಟರ್ನ್ ಹಾಕುವ ಗಡುವು ಡಿಸೆಂಬರಿಗೇ ಮುಗಿದಿತ್ತು.

ಅಷ್ಟರಲ್ಲಿ, ಹಿಡಿದ ಟ್ಯಾಕ್ಸ್ ಇನ್ನೂ ಕೈಗೆ ಬರಲಿಲ್ಲವೆಂದು ಜೀಪಿನಲ್ಲಿ ಪಿಸುಗುಟ್ಟುವುದು ಶುರುವಾಗಿತ್ತು. ಚಿಕ್ಕಕ್ಕ ಎಂಬವಳು, ಇಪ್ಪತ್ತು ವರ್ಷ ಒಟ್ಟಿಗೆ ಬುತ್ತಿ ಉಂಡವಳು, ಎಲ್ಲರೆದುರೇ ಅಂದಳು: "ನಮ್ಮ ಸಾವಿರ ಸಾವಿರ ನುಂಗಿ ನೀರು ಕುಡಿದ್ಯಲ್ಲ ಮಾರಾಯ್ತಿ!" ಪ್ರೇಮಕ್ಕನಿಗೆ ಮೈಯೆಲ್ಲ ಉರಿಯಿತು.

ಉಳಿದಿದ್ದು ಒಂದೇ ದಾರಿ, ಚಿಕ್ಕಮಗಳೂರಿನ ಆದಾಯ ತೆರಿಗೆ ಅಧಿಕಾರಿಗೆ ತಪ್ಪು ಸರಿಪಡಿಸಲು ಕೋರಿ ಅರ್ಜಿ. ಕಾಂತೇಶ್ ಅದನ್ನು ಟೈಪ್ ಮಾಡಿ ಓದಿ ಹೇಳಿದ: "ನಾನು ಕಾರ್ಮಿಕ ಗುತ್ತಿಗೆದಾರಳಾಗಿದ್ದು, ಪೂರ್ಣ ಹತ್ತು ಲಕ್ಷವೂ ನನ್ನ ಗುತ್ತಿಗೆಯ ಸ್ವೀಕೃತಿಯಾಗಿರುತ್ತದೆ. ನನ್ನ ಕೂಲಿಯಾಳುಗಳಿಗೆ ಕೊಟ್ಟ ಒಂಬತ್ತು ಲಕ್ಷ ಖರ್ಚು. ಕಣ್ತಪ್ಪಿನಿಂದ ಅದನ್ನು ತೋರಿಸಿರುವುದಿಲ್ಲ..."

"ನನ್ನ ಕೂಲಿಯಾಳುಗಳಾ?" ಪ್ರೇಮಕ್ಕ ಕುರ್ಚಿಯಲ್ಲೇ ಮುಂದೆ ಬಂದಳು.

"ಬರೀ ಕಾಗದದಲ್ಲಿ ಪ್ರೇಮಕ್ಕ. ಹೀಗೆ ಬರೆದ್ರೆ ಸಾಹೇಬ್ರು ಒಪ್ಪಿದ್ರೂ ಒಪ್ಬಹುದು. ನಿಮ್ಮ ರೈಟ್ರಿಗೂ ಫೋನ್ ಮಾಡಿದ್ದೆ. ನೀವು ಗುತ್ತಿಗೆದಾರರು ಅಂತ ಎಸ್ಟೇಟಿನ ಲೆಟರ್‌ಹೆಡ್ಡಲ್ಲೇ ಪತ್ರ ಕೊಡ್ತಾರಂತೆ, ಇವತ್ತೇ."

ಲಕ್ಷ್ಮೀಶ ಇವತ್ತೇ ಕೊಡುತ್ತಾನೆ! ಮಳೆಗಾಲಕ್ಕೆ ತಲೆಗೆ ಹೊದೆಯಲೊಂದು ಪ್ಲಾಸ್ಟಿಕ್ ಕೊಪ್ಪೆ ಕೇಳಿದರೆ ಮೂರು ತಿಂಗಳು ಅಲೆಸುವವನು, ಕೇಳದೆಯೇ ಪತ್ರ ಕೊಡುತ್ತಾನೆ! ಪ್ರೇಮಕ್ಕನಿಗೆ ಆಗ ಗುಡ್ಡಮ್ಮನ ನೆನಪಾಯಿತು. ಅವರ ಹತ್ತು ಜನರಲ್ಲೇ ಒಬ್ಬಳಾದ ಗುಡ್ಡಮ್ಮ ನವೆಂಬರಿನಲ್ಲಿ ಕಾಫಿ ಚೀಲ ಹೊತ್ತು ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಳು. ಪರಿಹಾರಕ್ಕೆ ಕೇಸು ಹಾಕಿದರೆ ಎಸ್ಟೇಟು ಏನು ಉತ್ತರ ಕೊಟ್ಟಿತ್ತು? ಆಕೆ ನಮ್ಮ ಕೆಲಸದವಳಲ್ಲ, ಗುತ್ತಿಗೆದಾರಳು ಕರೆತಂದ ಆಳು. ಆ ಗುತ್ತಿಗೆದಾರಳು ಯಾರೆಂದು ಪ್ರೇಮಕ್ಕನಿಗೆ ಈಗ ಗೊತ್ತಾಯಿತು. ಬಿಲ್ಲು ಒಬ್ಬಳ ಹೆಸರಿಗೆ ಹೋಗಿದ್ದೇಕೆ, ಹಾಜರಿ ಪುಸ್ತಕ ಮಡಚಿದ್ದೇಕೆ, ಪಿಎಫ್ ಮಾತೆತ್ತಿದಾಗೆಲ್ಲ ರೈಟರ್ ನಕ್ಕಿದ್ದೇಕೆ, ಎಲ್ಲ ಗೊತ್ತಾಯಿತು. ತೂ, ಇವರ ಜನ್ಮಕ್ಕಿಷ್ಟು! ಅವರ ಮೇಲಿನ ಹೇಸಿಗೆಗಿಂತ, ವರ್ಷವಿಡೀ ಕಣ್ಣು ಮುಚ್ಚಿಕೊಂಡು ಬಿಲ್ಲಿಗೆ ಸಹಿ ಹಾಕಿದ ತನ್ನ ಕೈಯ ಮೇಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

"ಹರೀರಿ ಅದನ್ನ. ನಾ ಹೇಳಿದ್ದು ಬರೀರಿ," ಅಂದಳು.

ಅವಳು ಹೇಳಿಸಿದ್ದು ಇಷ್ಟು: ಹತ್ತು ಲಕ್ಷದಲ್ಲಿ ನನ್ನ ಆದಾಯ ಒಂದು ಲಕ್ಷ ಮಾತ್ರ. ಮಿಕ್ಕಿದ್ದು ಈ ಕೆಳಗಿನ ಒಂಬತ್ತು ಹೆಂಗಸರ ಕೂಲಿ. ನಮ್ಮೆಲ್ಲರಿಗೂ ಕೆಲಸ ಹೇಳುವವರು, ಜೀಪು ಕಳಿಸುವವರು, ಕೂಲಿ ಗೊತ್ತು ಮಾಡುವವರು ಎಸ್ಟೇಟಿನವರೇ. ನಾನು ಗುತ್ತಿಗೆದಾರಳಲ್ಲ. ಅವರ ತೆರಿಗೆಯೂ ನನ್ನ ಪ್ಯಾನಿಗೆ ಜಮೆಯಾಗಿದೆ. ಈ ವ್ಯತ್ಯಾಸ ಸರಿಪಡಿಸಿ, ಅವರ ದುಡ್ಡು ಅವರಿಗೆ ಸೇರುವಂತೆ ಮಾಡಿ. ಜೊತೆಗೆ ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್.

ಕಾಂತೇಶ್ ತಲೆ ಕೆರೆದುಕೊಂಡ. "ಹೀಗೆ ಬರೆದ್ರೆ ಒಂಬತ್ತು ಸಾವಿರ ಹೋಯ್ತು ಅಂತಲೇ ಲೆಕ್ಕ. ನಿಮ್ಮ ಆದಾಯ ಅಲ್ಲ ಅಂತ ನೀವೇ ಹೇಳಿದ ಮೇಲೆ ಅದರ ತೆರಿಗೆ ನಿಮಗ್ಯಾಕೆ ಕೊಡ್ತಾರೆ? ಆ ಹೆಂಗಸ್ರು ನಿಮ್ಮನ್ನ ಕಳ್ಳಿ ಅಂತಾರೆ."

"ಅಂದುಕೊಳ್ಳಲಿ."

ಕೂಲಿ ಬಿಟ್ಟು, ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ತಾನೇ ಹೋಗಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದಳು. ನಾಲ್ಕು ತಿಂಗಳು ಚಿಕ್ಕಕ್ಕ ಜೀಪಿನಲ್ಲಿ ಅವಳ ಪಕ್ಕ ಕೂರಲಿಲ್ಲ. ಆಮೇಲೆ ಆದೇಶ ಬಂತು. ಕಾಂತೇಶ್ ಹೇಳಿದಂತೆಯೇ ಆಗಿತ್ತು: ಉಳಿದ ಒಂಬತ್ತು ಲಕ್ಷ ತಮ್ಮ ಆದಾಯವಲ್ಲವೆಂದೂ ಇತರ ಒಂಬತ್ತು ಮಂದಿಯ ಕೂಲಿಯೆಂದೂ ಅರ್ಜಿದಾರರು ದಾಖಲೆಸಹಿತ ತಿಳಿಸಿದ್ದಾರೆ. ಆದ್ದರಿಂದ ಅದರ ತೆರಿಗೆ ಜಮೆಯನ್ನು ಅವರಿಗೆ ನೀಡಲು ಬರುವುದಿಲ್ಲ. ಅರ್ಜಿದಾರರ ಘೋಷಣೆ ಪಡೆದು ಕಡಿತದ ವಿವರಪಟ್ಟಿಯನ್ನು ತಿದ್ದಬೇಕಾದವರು ತೆರಿಗೆ ಕಡಿದ ಎಸ್ಟೇಟಿನವರು. ಅರ್ಜಿ ತಿರಸ್ಕೃತ.

ಪ್ರೇಮಕ್ಕ ಅದರ ಮೂರು ಪ್ರತಿ ತೆಗೆಸಿದಳು. ಒಂದನ್ನು ಘೋಷಣೆಯ ಜೊತೆ ಎಸ್ಟೇಟಿನ ಆಫೀಸಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದಳು.

ಐದನೇ ದಿನ ಬೆಳಿಗ್ಗೆ ಹೆಂಗಸರು ಜೀಪಿಗೆ ಕಾಯುತ್ತಿದ್ದಾಗ ಲಕ್ಷ್ಮೀಶ ಬೈಕಿನಲ್ಲಿ ಬಂದ. ಎಂದೂ ಇಲ್ಲದ ನಗು ಮುಖದಲ್ಲಿ. ಪ್ರೇಮಕ್ಕನನ್ನು ಬದಿಗೆ ಕರೆದ. ಅವಳು ಕದಲಲಿಲ್ಲ. ಕೊನೆಗೆ ಎಲ್ಲರೆದುರೇ ಹೇಳಬೇಕಾಯಿತು: "ಒಂಬತ್ತು ಸಾವಿರ ತಾನೆ ಪ್ರೇಮಕ್ಕ? ನಾವೇ ಕೊಡ್ತೇವೆ. ಆ ಆದೇಶ, ಆ ಅರ್ಜಿ ಪ್ರತಿ ಎಲ್ಲ ನಂಗೆ ಕೊಟ್ಬಿಡು. ಬೇಕಾದ್ರೆ ಹತ್ತು ತಗೋ."

ಅವನು ನೋಟಿನ ಕಟ್ಟು ಹೊರತೆಗೆದೂ ಬಿಟ್ಟಿದ್ದ. ಪ್ರೇಮಕ್ಕ ಬಾಯಲ್ಲಿದ್ದ ಎಲೆಯಡಿಕೆಯನ್ನು ಅವನ ಬೂಟಿನ ಪಕ್ಕಕ್ಕೇ ತುಪ್ಪಿದಳು.

"ಅದು ಗುಡ್ಡಮ್ಮನ ವಕೀಲರ ಕೈ ಸೇರಿ ನಾಲ್ಕು ದಿನ ಆಯ್ತು ರೈಟ್ರೇ. ನಾ ಯಾರಿಗೂ ಗುತ್ತಿಗೆದಾರಳಲ್ಲ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದೀನಿ, ಸೀಲಿದೆ. ಆ ದುಡ್ಡು ಒಳಗಿಡಿ, ವಾಸನೆ ಬರ್ತದೆ."

ಜೀಪು ಬಂತು. ಚಿಕ್ಕಕ್ಕ ಮೊದಲು ಹತ್ತಿ, ಪಕ್ಕದ ಜಾಗದ ಮೇಲೆ ತನ್ನ ಬುತ್ತಿಚೀಲ ಇಟ್ಟು ಪ್ರೇಮಕ್ಕನಿಗಾಗಿ ಹಿಡಿದಿಟ್ಟಳು.