ಮೂರನೇ ದರ್ಜೆಯ ಎಚ್ಚರಿಕೆ

ಹೂಡಿಕೆ ಸಲಹೆ ಕೊಡುವ ಆ ಪುಟ್ಟ ಕಚೇರಿಯಲ್ಲಿ ಅವನಿಗೆ ಗಂಟೆರಾಯ ಅಂತಲೇ ಹೆಸರು. ಗ್ರಾಹಕರ ಹಣ ಇಳಿದರೆ ಕಂಪ್ಯೂಟರು ಟಿಂಗ್ ಎನ್ನಬೇಕು, ಇವನು ಅವರಿಗೆ ಫೋನು ಹಚ್ಚಬೇಕು. ಆದರೆ ಅದು ಪೈಸೆ ಕದಲಿದರೂ ಟಿಂಗ್ ಎನ್ನುತ್ತಿತ್ತು. ಕೇಳಿ ಕೇಳಿ ಅವನ ಕಿವಿ ಕಲ್ಲಾಗಿತ್ತು.

ಪ್ರೋಗ್ರಾಂ ಬರೆಯುವ ಹುಡುಗಿ ಹೊಸ ಏರ್ಪಾಡು ಮಾಡಿದಳು. ಪ್ರತಿ ಖಾತೆ ಇದುವರೆಗೆ ಮುಟ್ಟಿದ ಅತಿ ಎತ್ತರದಿಂದ ನೂರಕ್ಕೆ ಐದು ಇಳಿದರೆ ಒಂದನೇ ದರ್ಜೆಯ ಎಚ್ಚರಿಕೆ, ಹತ್ತು ಇಳಿದರೆ ಎರಡನೆಯದು, ಹದಿನೈದಾದರೆ ಮೂರನೆಯದು. ಮೂರನೆಯದು ಬಂದರೆ ‘ನೋಡಿದೆ’ ಒತ್ತುವವರೆಗೆ ಪರದೆ ಕೆಂಪು. ಅವಳು ವಿವರಿಸುವಾಗ ಅವನು ತಲೆಯಾಡಿಸುತ್ತ ಕನ್ನಡಕ ಹುಡುಕುತ್ತಿದ್ದ.

ಅಂದು ಬೆಳಿಗ್ಗೆ ಎರಡು ಬಂದವು. ಒಂದನೇ ದರ್ಜೆಯದು ಬಟ್ಟೆ ಅಂಗಡಿಯವರಿಗೆ, ಮೂರನೇ ದರ್ಜೆಯದು ಅವನ ಸ್ವಂತ ಅಕ್ಕನಿಗೆ. ಅಕ್ಕ ನಿವೃತ್ತ ನರ್ಸು; ಮುಂದಿನ ತಿಂಗಳು ಅದೇ ಹಣದಲ್ಲಿ ಮನೆ ಕೊಳ್ಳುವವಳು. ‘ಬಹಳ ಇಳಿದ್ರೆ ಮೊದಲು ನನಗೆ ಹೇಳು’ ಎಂದು ಮಾತು ತೆಗೆದುಕೊಂಡಿದ್ದಳು.

ಒಂದನೇ ದರ್ಜೆ ಅಂದಮೇಲೆ ಕೇಳಬೇಕೆ? ಅವನು ಓಡಿ ಹೋಗಿ ಅಂಗಡಿಯವರನ್ನು ಹೆದರಿಸಿ ಬಂದ. ಮೂರನೆಯದಕ್ಕೆ ‘ನೋಡಿದೆ’ ಒತ್ತಿ ಚಹಾಕ್ಕೆ ಎದ್ದ. ಮೂರನೇ ದರ್ಜೆಯ ರೈಲು, ಮೂರನೇ ದರ್ಜೆಯ ಸಾಮಾನು, ಅದಕ್ಕೆ ಅವಸರ ಏಕೆ?

ಊಟದ ಹೊತ್ತಿಗೆ ಹುಡುಗಿ ಬಂದಳು. “ಸರ್, ನಿಮ್ಮಕ್ಕನಿಗೆ ಹೇಳಿದ್ರಾ?”

“ಅದು ಮೂರನೇ ದರ್ಜೆ ಕಣಮ್ಮ.”

“ಅದೇ ಸರ್, ಎಲ್ಲಕ್ಕಿಂತ ಜೋರಿನದು.”

“ಒಂದು ದೊಡ್ಡದಲ್ವಾ?”

“ಒಂದು ಚಿಕ್ಕದು ಸರ್. ಒಂದು, ಎರಡು, ಮೂರು.”

ಇಂಥ ಸರಳ ಲೆಕ್ಕ ತಪ್ಪಿದವನಿಗೆ ಅಷ್ಟಕ್ಕೆ ಬಿಡಲಿಕ್ಕೂ ಮನಸ್ಸಿಲ್ಲ. “ಹದಿನಾಲ್ಕು ಲಕ್ಷ ಹಾಕಿದ್ದಳು, ಈಗ ಹದಿನೇಳಿದೆ. ಲಾಭವೇ ಅಲ್ವಾ?”

“ಎತ್ತರದಲ್ಲಿ ಇಪ್ಪತ್ತು ಇತ್ತು. ಅಲ್ಲಿಂದ ಹದಿನೈದು ಪರ್ಸೆಂಟ್ ಹೋಯ್ತು. ಯಂತ್ರ ನೋಡೋದು ಅದನ್ನೇ.”

ಲಾಭದಲ್ಲಿದ್ದೂ ಅಪಾಯದಲ್ಲಿರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಆದರೂ ಫೋನು ಹಚ್ಚಿದ.

“ಮನೆ ಬೆಲೆ ಹದಿನಾರೂವರೆ ಕಣೋ,” ಎಂದಳು ಅಕ್ಕ. “ಇನ್ನೂ ಜಾರಿದ್ರೆ ಬಾಗಿಲಿಗೆ ಸಾಲುತ್ತೆ, ಗೋಡೆಗೆ ಸಾಲಲ್ಲ. ಬೇಕಾದಷ್ಟು ಈಗಲೇ ತೆಗೆದು ಬ್ಯಾಂಕಿಗೆ ಹಾಕು. ಬೆಳಿಗ್ಗೆ ಯಾಕೆ ಹೇಳಲಿಲ್ಲ?”

ಅವನು ದರ್ಜೆಗಳ ಕತೆ, ಚಹಾದ ಸಮೇತ, ಹೇಳಿದ.

“ವಾರ್ಡಲ್ಲಿ ನೀನಿದ್ದಿದ್ರೆ ಕೆಮ್ಮಿಗೆ ಡಾಕ್ಟರು, ಹಾರ್ಟಿಗೆ ಚಹಾ.”

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಹುಡುಗಿ ಅದನ್ನೇ ಹಿಡಿದಳು. ಮಾರನೆಯ ದಿನ ದರ್ಜೆಗಳ ಹೆಸರು ಬದಲಾಗಿತ್ತು: ಕೆಮ್ಮು, ಜ್ವರ, ಐಸಿಯು. ಅಕ್ಕನ ಮನೆಯ ಹಣ ಆಗಲೇ ಬ್ಯಾಂಕು ಸೇರಿತ್ತು. ಗಂಟೆರಾಯ ನೆಮ್ಮದಿಯಿಂದ ಕುಳಿತ. ಹತ್ತು ಗಂಟೆಗೆ ಪರದೆ ‘ಬಟ್ಟೆ ಅಂಗಡಿ: ಜ್ವರ’ ಎಂದಿತು.

ಅವನು ಕೂಡಲೇ ಫೋನೆತ್ತಿದ. “ಮೈ ಹುಷಾರಿಲ್ವಂತೆ?” ಎಂದು ಕೇಳಿದ.